ಅವಧಿ ಮುಗಿದ ಕ್ಯೂಆರ್‌ಗೆ ಬಂದ ಒಂಬತ್ತು ಸಾವಿರ

ಮೊಬೈಲ್ ಪರದೆಯ ಮೇಲೆ ಕ್ಯೂಆರ್ ಕೋಡ್, ಅದರ ಕೆಳಗೆ ಹಿಂದಕ್ಕೆ ಓಡುವ ನಿಮಿಷ, ಸೆಕೆಂಡು. ಸೊನ್ನೆ ಮುಟ್ಟಿದ ಕೂಡಲೇ ಕೋಡ್ ಮಾಯವಾಗಿ ಲಿಂಕ್‌ನ ಅವಧಿ ಮುಗಿದಿದೆ ಎಂಬ ಸಾಲು ಬರುತ್ತದೆ. ನೋಡಿದವರಿಗೆ ಇನ್ನು ಅದಕ್ಕೆ ದುಡ್ಡು ಹೋಗಲಾರದು ಅನ್ನಿಸುವುದು ಸಹಜ. ಆದರೆ ಎಷ್ಟೋ ಸಲ ಹೋಗುತ್ತದೆ, ಹೋಗಿ ಮುಟ್ಟುತ್ತದೆ ಕೂಡ. ಆಮೇಲೆ ಅದು ಯಾರ ದುಡ್ಡು, ಯಾವ ಲೆಕ್ಕಕ್ಕೆ ಬಂತು, ಇಟ್ಟುಕೊಳ್ಳಬೇಕೋ ತಿರುಗಿಸಬೇಕೋ ಎಂಬ ತಲೆನೋವು ವ್ಯಾಪಾರಿಯ ಪಾಲಿಗೆ ಬರುತ್ತದೆ. ಕೊಟ್ಟವರಿಗೆ ಬರುವ ತಲೆನೋವು ಬೇರೆ.

ಇದು ಹೇಗೆ ಸಾಧ್ಯ ಎಂದು ತಿಳಿಯಲು ಕ್ಯೂಆರ್ ಕೋಡಿನ ಒಳಗೆ ಏನಿದೆ ಎಂದು ನೋಡಿದರೆ ಸಾಕು. ಆ ಕಪ್ಪು ಬಿಳಿ ಚೌಕಗಳಲ್ಲಿ ಅಡಗಿರುವುದು ಒಂದೇ ಸಾಲಿನ ಬರಹ. ಯುಪಿಐ ಕೋಡ್ ಆದರೆ ಸುಮಾರಾಗಿ ಹೀಗಿರುತ್ತದೆ:

```
upi://pay?pa=homestay@xyzbank&pn=Homestay
&am=9000.00&cu=INR&tr=BK2417
```

ಇಲ್ಲಿ `pa` ಎಂದರೆ ದುಡ್ಡು ಸೇರಬೇಕಾದ ಯುಪಿಐ ವಿಳಾಸ, `pn` ಎಂದರೆ ಪಡೆಯುವವರ ಹೆಸರು, `am` ಎಂದರೆ ಮೊತ್ತ. `tr` ಎಂಬುದು ವ್ಯಾಪಾರಿಯ ಕಡೆಯ ಉಲ್ಲೇಖ ಸಂಖ್ಯೆ, ಅಂದರೆ ಬುಕಿಂಗ್ ನಂಬರೋ ಬಿಲ್ ನಂಬರೋ. ಇಷ್ಟರಲ್ಲಿ ಸಮಯದ ಮಾತೇ ಇಲ್ಲ. ಅವಧಿಯನ್ನೂ ಬರೆಯಲು `QRexpire` ಎಂಬ ಜಾಗವನ್ನು ಯುಪಿಐ ನಿಯಮಾವಳಿ ಕೊಟ್ಟಿದೆ ನಿಜ. ಆದರೆ ಕೋಡ್ ತಯಾರಿಸಿದವರು ಅದನ್ನು ತುಂಬಿರಬೇಕು, ಓದುವ ಆ್ಯಪ್ ಅದಕ್ಕೆ ಬೆಲೆ ಕೊಡಬೇಕು. ಅದು ಇಲ್ಲದ ಕೋಡಿನ ಚಿತ್ರವನ್ನು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ, ಅದು ಇವತ್ತು ಹೇಳುವುದನ್ನೇ ನಾಳೆಯೂ ಹೇಳುತ್ತದೆ: ಈ ವಿಳಾಸಕ್ಕೆ ಇಷ್ಟು ರೂಪಾಯಿ ಹಾಕಿ.

ಹಾಗಾದರೆ ಆ ಓಡುವ ಗಡಿಯಾರ ಇರುವುದೆಲ್ಲಿ? ಪೇಮೆಂಟ್ ಗೇಟ್‌ವೇ ಕಂಪನಿಯ ಸರ್ವರ್‌ನಲ್ಲಿ. ವ್ಯಾಪಾರಿಗೂ ಬ್ಯಾಂಕುಗಳಿಗೂ ನಡುವೆ ನಿಂತು ದುಡ್ಡು ಸಂಗ್ರಹಿಸಿಕೊಡುವ ಕಂಪನಿ ಅದು. ನೀವು ಲಿಂಕ್ ಒತ್ತಿದಾಗ ಪುಟವನ್ನು ತೋರಿಸುವುದು ಅದೇ ಸರ್ವರ್. ಅವಧಿ ಮುಗಿದ ಮೇಲೆ ಒತ್ತಿದರೆ ಅದು ಪುಟವನ್ನೇ ತೋರಿಸದೆ ಬಾಗಿಲು ಹಾಕುತ್ತದೆ. ಆಗ ದುಡ್ಡು ಕಡಿತವಾಗುವ ಪ್ರಶ್ನೆಯೇ ಇಲ್ಲ, ಯಾರಿಗೂ ತೊಂದರೆಯಿಲ್ಲ. ತೊಂದರೆ ಇರುವುದು ಬಾಗಿಲು ತೆರೆದಿದ್ದಾಗಲೇ ಒಳಗೆ ಬಂದವರದು. ಅವಧಿಗೆ ಮೊದಲೇ ಪುಟ ತೆರೆದು, ಕೋಡ್ ತೆಗೆದುಕೊಂಡು, ಅವಧಿ ಮುಗಿದ ಮೇಲೆ ಪಿನ್ ಒತ್ತುವವರು. ಅಷ್ಟು ಹೊತ್ತಿಗೆ ವ್ಯವಹಾರ ಯುಪಿಐ ಆ್ಯಪ್ ಮತ್ತು ಬ್ಯಾಂಕುಗಳ ಕೈಗೆ ಹೋಗಿರುತ್ತದೆ, ಪುಟದ ಗಡಿಯಾರದ ಅಧಿಕಾರ ಅಲ್ಲಿಗೆ ತಲುಪುವುದಿಲ್ಲ.

ಕೆಲವು ಗೇಟ್‌ವೇಗಳು ಇದಕ್ಕೂ ದಾರಿ ಮಾಡಿಕೊಂಡಿವೆ. ಒಂದೊಂದು ಬಿಲ್ಲಿಗೂ ಬೇರೆ ಬೇರೆ ಯುಪಿಐ ವಿಳಾಸ ಹುಟ್ಟಿಸಿ, ಅವಧಿ ಮುಗಿದಾಗ ಆ ವಿಳಾಸವನ್ನೇ ಮುಚ್ಚುತ್ತವೆ. ಆಮೇಲೆ ಸ್ಕ್ಯಾನ್ ಮಾಡಿದರೆ ಪಿನ್ ಕೇಳುವ ಮೊದಲೇ ಆ್ಯಪ್ ನಿರಾಕರಿಸುತ್ತದೆ. ಇನ್ನು ಕೆಲವು ಕಡೆ ದುಡ್ಡು ಬಂದರೂ ಅವಧಿ ಮೀರಿದ್ದನ್ನು ಗುರುತಿಸಿ ತಾನಾಗಿಯೇ ಹಿಂದಕ್ಕೆ ಕಳುಹಿಸುವ ಏರ್ಪಾಡು ಇದೆ. ಆದರೆ ವ್ಯಾಪಾರಿಯ ಎಲ್ಲ ಬಿಲ್ಲುಗಳಿಗೂ ಒಂದೇ ವಿಳಾಸ ಇಟ್ಟು, `tr` ಸಂಖ್ಯೆಯನ್ನು ಮಾತ್ರ ಬದಲಿಸುವ ವಿಧಾನದಲ್ಲಿ ವಿಳಾಸ ಯಾವಾಗಲೂ ಜೀವಂತ. ಬ್ಯಾಂಕಿನ ಕಣ್ಣಿಗೆ ಅದು ಸರಿಯಾದ ವಿಳಾಸಕ್ಕೆ ಬಂದ ಸರಿಯಾದ ದುಡ್ಡು, ಬೇಡ ಎನ್ನಲು ಕಾರಣವಿಲ್ಲ. ಅಂಗಡಿಯ ಗಲ್ಲೆಯ ಮುಂದೆ ಅಂಟಿಸಿರುವ ಕ್ಯೂಆರ್ ಇದಕ್ಕಿಂತ ಸರಳ. ಅದರಲ್ಲಿ ಮೊತ್ತವೂ ಇಲ್ಲ, ಬಿಲ್ ನಂಬರೂ ಇಲ್ಲ, ಅವಧಿಯಂತೂ ಇಲ್ಲವೇ ಇಲ್ಲ. ಅಲ್ಲಿ ತಡ ಎಂಬ ಮಾತಿಗೇ ಅರ್ಥವಿಲ್ಲದ್ದರಿಂದ ಅದನ್ನು ಬಿಟ್ಟುಬಿಡೋಣ.

ಇಷ್ಟಕ್ಕೂ ವ್ಯಾಪಾರಿ ಅವಧಿ ಇಡುವುದಾದರೂ ಯಾಕೆ? ದುಡ್ಡು ಬೇಗ ಬರಲಿ ಎಂಬುದು ಒಂದು ಆಸೆ. ನಿಜವಾದ ಕಾರಣ ಸರಕು. ಒಂದೇ ಕೋಣೆ, ಒಂದೇ ಸೀಟು, ಒಂದೇ ಸೀರೆ ಇದ್ದಾಗ ಅದನ್ನು ಒಬ್ಬರ ಹೆಸರಿನಲ್ಲಿ ಎಷ್ಟು ಹೊತ್ತು ತಡೆದಿಡಬೇಕು ಎಂಬುದಕ್ಕೆ ಒಂದು ಮಿತಿ ಬೇಕು. ವಿದ್ಯುತ್ ಬಿಲ್ಲಿನ ಕೊನೆಯ ದಿನ ಇದಕ್ಕಿಂತ ಬೇರೆ ಜಾತಿಯದು. ಅದು ದಾಟಿದರೂ ಕಚೇರಿ ದುಡ್ಡು ತೆಗೆದುಕೊಳ್ಳುತ್ತದೆ, ಬಡ್ಡಿ ಸೇರಿಸುತ್ತದೆ ಅಷ್ಟೆ. ಏಕೆಂದರೆ ಕರೆಂಟನ್ನು ನೀವು ಆಗಲೇ ಉರಿಸಿಯಾಗಿದೆ. ಜಿಎಸ್‌ಟಿ ಚಲನ್ ಇನ್ನೊಂದು ತುದಿ: ತಯಾರಿಸಿದ ದಿನದಿಂದ 15 ದಿನ ಮಾತ್ರ ಅದಕ್ಕೆ ಆಯುಸ್ಸು, ಆಮೇಲೆ ಹೊಸ ಚಲನ್ ಮಾಡಿಕೊಂಡೇ ಕಟ್ಟಬೇಕು. ಪೇಮೆಂಟ್ ಲಿಂಕ್ ಈ ಎರಡರ ನಡುವೆ ತೂಗುತ್ತಿರುತ್ತದೆ. ಸರಕಿನ ಮಟ್ಟಿಗೆ ಅದರ ಅವಧಿ ಕಟ್ಟುನಿಟ್ಟು, ದುಡ್ಡಿನ ಮಟ್ಟಿಗೆ ಸಡಿಲ. ತಡವಾಗಿ ಬಂದ ಪಾವತಿಯ ಎಲ್ಲ ಗೊಂದಲಕ್ಕೂ ಮೂಲ ಇದೇ.

ಒಂದು ಉದಾಹರಣೆಯನ್ನು ಕಟ್ಟಿಕೊಂಡು, ಲೆಕ್ಕ ಹಾಕುತ್ತಾ ಹೋಗೋಣ. ಸಕಲೇಶಪುರದ ಕಡೆ ಒಂದು ಹೋಮ್‌ಸ್ಟೇ ಎಂದಿಟ್ಟುಕೊಳ್ಳಿ. ವಾರಾಂತ್ಯಕ್ಕೆ ಉಳಿದಿರುವುದು ಒಂದೇ ಕೋಣೆ, ರಾತ್ರಿಗೆ 4,500 ರೂಪಾಯಿಯಂತೆ ಎರಡು ರಾತ್ರಿಗೆ 9,000. ಶುಕ್ರವಾರ ರಾತ್ರಿ 8 ಗಂಟೆಗೆ ದಾವಣಗೆರೆಯಿಂದ ಒಬ್ಬರು ಫೋನ್ ಮಾಡಿ ಕೋಣೆ ಬೇಕು ಎಂದರು. ಒಡತಿ BK2417 ಎಂಬ ಬುಕಿಂಗ್ ನಂಬರಿನಲ್ಲಿ ಲಿಂಕ್ ಮಾಡಿ ವಾಟ್ಸ್ಆ್ಯಪ್‌ಗೆ ಕಳುಹಿಸಿದರು. ಅವಧಿ 8.30ರವರೆಗೆ.

ಆ ಮನುಷ್ಯ 8.26ಕ್ಕೆ ಲಿಂಕ್ ತೆರೆದರು. ಅವರ ಖಾತೆಯಲ್ಲಿ ಅಷ್ಟು ದುಡ್ಡಿರಲಿಲ್ಲ, ಹೆಂಡತಿಯ ಖಾತೆಯಿಂದ ಕಟ್ಟಬೇಕು. ಆಕೆ ಪಕ್ಕದ ಮನೆಗೆ ಹೋಗಿದ್ದರು. ಇವರು ಕೋಡಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಕಾದರು. ಆಕೆ ಬಂದು, ಗಂಡನ ಮೊಬೈಲಿನ ಪರದೆಯ ಮೇಲಿದ್ದ ಆ ಚಿತ್ರವನ್ನು ತಮ್ಮ ಮೊಬೈಲಿನಿಂದ ಸ್ಕ್ಯಾನ್ ಮಾಡಿ ಪಿನ್ ಒತ್ತಿದಾಗ 8.41. ಆ್ಯಪ್‌ನಲ್ಲಿ ಹಸಿರು ಟಿಕ್ ಬಂತು, 9,000 ರೂಪಾಯಿ ಹೋಯಿತು.

ಅತ್ತ ಸಕಲೇಶಪುರದಲ್ಲಿ 8.30 ಆಗುತ್ತಿದ್ದಂತೆ ಬುಕಿಂಗ್ ವ್ಯವಸ್ಥೆ BK2417 ಅನ್ನು ರದ್ದು ಮಾಡಿ ಕೋಣೆಯನ್ನು ಖಾಲಿ ಎಂದು ತೋರಿಸಿತ್ತು. 8.34ಕ್ಕೆ ಬೆಂಗಳೂರಿನವರೊಬ್ಬರು ಅದೇ ಕೋಣೆ ಕೇಳಿದರು. BK2418 ಎಂದು ಹೊಸ ಲಿಂಕ್ ಹೋಯಿತು. 8.38ಕ್ಕೆ ಅವರು ದುಡ್ಡು ಕಟ್ಟಿದರು. ಈಗ ಒಡತಿಯ ಮುಂದೆ ಮೂರು ನಿಮಿಷದ ಅಂತರದಲ್ಲಿ ಬಂದ ಎರಡು ಒಂಬತ್ತು ಸಾವಿರಗಳಿವೆ, ಕೋಣೆ ಒಂದೇ.

ಇಲ್ಲಿ ಮೊದಲ ತಪ್ಪು ಆಗುವುದು ಗುರುತಿಸುವಾಗ. ಮೊತ್ತ ನೋಡಿ ಯಾರದು ಎಂದು ಹೇಳುವಂತಿಲ್ಲ, ಎರಡೂ 9,000. ಹೆಸರು ನೋಡಿಯೂ ಹೇಳುವಂತಿಲ್ಲ, ಬುಕ್ ಮಾಡಿದ್ದು ಗಂಡ, ಕಟ್ಟಿದ್ದು ಹೆಂಡತಿ. ಆಕೆಯ ಹೆಸರು ಒಡತಿಯ ಪುಸ್ತಕದಲ್ಲಿ ಎಲ್ಲೂ ಇಲ್ಲ. ಸಮಯವನ್ನು ನೆಚ್ಚಿಕೊಂಡರೂ ಕಷ್ಟ, ಯಾಕೆಂದು ಮುಂದೆ ನೋಡೋಣ. ನೆಚ್ಚಬಹುದಾದದ್ದು ಎರಡೇ. ಒಂದು, `tr` ಜಾಗದಲ್ಲಿ ಕೂತು ಬಂದಿರುವ ಬುಕಿಂಗ್ ನಂಬರ್. ಇನ್ನೊಂದು, ಪ್ರತಿ ಯುಪಿಐ ವ್ಯವಹಾರಕ್ಕೂ ಸಿಗುವ 12 ಅಂಕಿಗಳ ಸಂಖ್ಯೆ. ಬ್ಯಾಂಕಿನವರು ಅದನ್ನು ಆರ್‌ಆರ್‌ಎನ್ ಎನ್ನುತ್ತಾರೆ, ಗ್ರಾಹಕರ ಆ್ಯಪ್‌ಗಳಲ್ಲಿ ಯುಟಿಆರ್ ಅಥವಾ ಯುಪಿಐ ಟ್ರಾನ್ಸಾಕ್ಷನ್ ಐಡಿ ಎಂದು ಕಾಣಿಸುತ್ತದೆ. ಗೇಟ್‌ವೇಯ ಡ್ಯಾಶ್‌ಬೋರ್ಡ್ ತೆರೆದು 8.41ರ ಪಾವತಿಯನ್ನು ಬಿಡಿಸಿ ನೋಡಿದರೆ BK2417 ಕಾಣುತ್ತದೆ. ದಾವಣಗೆರೆಯವರದ್ದು ಎಂದು ಖಚಿತವಾಯಿತು.

ಎರಡನೇ ತಪ್ಪು ಆಗುವುದು ತಂತ್ರಾಂಶದಲ್ಲಿ. ದುಡ್ಡು ಬಂದಾಗ ಗೇಟ್‌ವೇ ವ್ಯಾಪಾರಿಯ ಬುಕಿಂಗ್ ವ್ಯವಸ್ಥೆಗೆ ಒಂದು ಸೂಚನೆ ಕಳುಹಿಸುತ್ತದೆ, ಅದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಆ ಸೂಚನೆ ಹೋಗಿ BK2417 ಅನ್ನು ತಟ್ಟಿದಾಗ ಅದು ಆಗಲೇ ರದ್ದಾಗಿದೆ. ಅಗ್ಗದಲ್ಲಿ ಬರೆಸಿದ ತಂತ್ರಾಂಶಗಳು ಇಲ್ಲಿ ಎರಡರಲ್ಲಿ ಒಂದು ಎಡವಟ್ಟು ಮಾಡುತ್ತವೆ. ರದ್ದಾದದ್ದನ್ನು ಮತ್ತೆ ಖಚಿತ ಎಂದು ಬದಲಿಸಿ ಒಂದೇ ಕೋಣೆಯನ್ನು ಇಬ್ಬರಿಗೆ ಕೊಡುತ್ತವೆ. ಇಲ್ಲವೇ, ರದ್ದಾದ ಬುಕಿಂಗ್‌ಗೆ ದುಡ್ಡು ಬರಲು ಸಾಧ್ಯವೇ ಇಲ್ಲ ಎಂದುಕೊಂಡು ಸೂಚನೆಯನ್ನೇ ಕಡೆಗಣಿಸುತ್ತವೆ. ನನ್ನ ಮಟ್ಟಿಗೆ ಎರಡನೆಯದು ಹೆಚ್ಚು ಕೆಟ್ಟದ್ದು. ಒಂದೇ ಕೋಣೆಗೆ ಇಬ್ಬರು ಬಂದರೆ ಶನಿವಾರ ಮಧ್ಯಾಹ್ನವೇ ಬಾಗಿಲಲ್ಲಿ ಗಲಾಟೆಯಾಗಿ ವಿಷಯ ತಿಳಿಯುತ್ತದೆ. ಕಡೆಗಣಿಸಿದ ದುಡ್ಡು ಯಾರ ಗಮನಕ್ಕೂ ಬಾರದೆ ಖಾತೆಯಲ್ಲಿ ಕೂತಿರುತ್ತದೆ, ಗ್ರಾಹಕ ಫೋನ್ ಮಾಡಿದರೆ 'ನಮ್ಮಲ್ಲಿ ಏನೂ ತೋರಿಸ್ತಾ ಇಲ್ಲ ಸರ್' ಎಂಬ ಉತ್ತರ ಸಿಗುತ್ತದೆ. ಉತ್ತರಿಸಿದವರು ಸುಳ್ಳು ಹೇಳಿರುವುದಿಲ್ಲ. ಅವರ ಪರದೆಯಲ್ಲಿ ನಿಜಕ್ಕೂ ಏನೂ ಇಲ್ಲ.

ಸರಿಯಾದ ಕ್ರಮ ಎಂದರೆ ರದ್ದಾದದ್ದು ರದ್ದಾಗಿಯೇ ಇರಬೇಕು, ಬಂದ ದುಡ್ಡು ಬೇರೊಂದು ಪಟ್ಟಿಗೆ ಸೇರಿ ಯಾರಾದರೂ ನೋಡುವವರೆಗೂ ಅಲ್ಲೇ ಕಾಯಬೇಕು. ಪುಸ್ತಕದಲ್ಲಿ ಅದನ್ನು ಅಂದಿನ ವ್ಯಾಪಾರಕ್ಕೆ ಸೇರಿಸುವ ಹಾಗಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ಸಸ್ಪೆನ್ಸ್ ಖಾತೆಗೆ ಹಾಕುತ್ತಾರೆ. ಯಾರದೆಂದು ಗೊತ್ತಾದ ಮೇಲೆ ಆ ಗ್ರಾಹಕರ ಹೆಸರಿಗೆ ಅನಾಮತ್ತಾಗಿ ವರ್ಗಾಯಿಸುತ್ತಾರೆ. ಎರಡರಲ್ಲೂ ಅರ್ಥ ಒಂದೇ: ಇದು ನಾವು ಕೊಡಬೇಕಾದ ದುಡ್ಡು, ದುಡಿದದ್ದಲ್ಲ.

ಆಮೇಲೆ ತೀರ್ಮಾನ. ಒಡತಿಗೆ ಮೂರು ದಾರಿಗಳಿವೆ. ಬೇರೆ ಕೋಣೆ ಖಾಲಿಯಾಗಿದ್ದರೆ ಹೊಸ ಬುಕಿಂಗ್ ಮಾಡಿ ಈ ದುಡ್ಡನ್ನು ಅದಕ್ಕೆ ಹೊಂದಿಸಬಹುದು. ಮುಂದಿನ ವಾರಕ್ಕೆ ಬರಲು ಅವರು ಒಪ್ಪಿದರೆ ಮುಂಗಡವಾಗಿ ಇಟ್ಟುಕೊಳ್ಳಬಹುದು. ಇಲ್ಲವಾದರೆ ಪೂರ್ತಿ ವಾಪಸ್. ಮೊದಲ ಎರಡಕ್ಕೂ ಗ್ರಾಹಕರ ಒಪ್ಪಿಗೆ ಬೇಕು, ವಾಟ್ಸ್ಆ್ಯಪ್‌ನಲ್ಲಾದರೂ ಬರಹದಲ್ಲಿರಬೇಕು. ನಮ್ಮ ಉದಾಹರಣೆಯಲ್ಲಿ ದಾವಣಗೆರೆಯವರಿಗೆ ಮುಂದಿನ ವಾರ ಆಗುವುದಿಲ್ಲ. ವಾಪಸ್ ಕೊಡಬೇಕು.

ವಾಪಸ್ ಎಂದ ಕೂಡಲೇ ನಮ್ಮ ಜನ ಮಾಡುವ ಕೆಲಸ ಏನು? ಫೋನ್ ಎತ್ತಿಕೊಂಡು, ಅವರ ನಂಬರಿಗೆ 9,000 ಹಾಕಿ, 'ಹಾಕಿದೀನಿ ಸರ್, ನೋಡ್ಕೊಳ್ಳಿ' ಎನ್ನುವುದು. ಸೌಜನ್ಯದ ಕೆಲಸವೇ. ಆದರೆ ಲೆಕ್ಕದ ದೃಷ್ಟಿಯಿಂದ ಇದರಷ್ಟು ತೊಡಕು ತರುವುದು ಇನ್ನೊಂದಿಲ್ಲ. ಗೇಟ್‌ವೇಯ ದಾಖಲೆಯಲ್ಲಿ ಮೂಲ ಪಾವತಿ ಹಾಗೆಯೇ ನಿಂತಿರುತ್ತದೆ, ಅದಕ್ಕೂ ನೀವು ಹಾಕಿದ 9,000ಕ್ಕೂ ಯಾವ ನಂಟೂ ಇರುವುದಿಲ್ಲ. ಅವಧಿ ಮೀರಿದ್ದಕ್ಕೆ ಗೇಟ್‌ವೇ ತಾನಾಗಿಯೇ ದುಡ್ಡು ತಿರುಗಿಸುವ ಏರ್ಪಾಡು ಇದ್ದರೆ ಎರಡು ಸಲ ವಾಪಸ್ ಹೋಗುತ್ತದೆ. ಗ್ರಾಹಕರು ಅಷ್ಟರಲ್ಲಿ ಬ್ಯಾಂಕಿಗೆ ದೂರು ಕೊಟ್ಟಿದ್ದರೆ, ದುಡ್ಡು ಕೊಟ್ಟಾಗಿದೆ ಎಂದು ತೋರಿಸಲು ನಿಮ್ಮ ಖಾಸಗಿ ಖಾತೆಯ ಪಾಸ್‌ಬುಕ್ ಹಿಡಿದು ವಾದಿಸಬೇಕಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಆ ಪಾವತಿಯ ಮೇಲೆಯೇ ರೀಫಂಡ್ ಒತ್ತಿದರೆ ಈ ಯಾವ ರಗಳೆಯೂ ಇಲ್ಲ. ದುಡ್ಡು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ, ಅದಕ್ಕೆ ತನ್ನದೇ ಉಲ್ಲೇಖ ಸಂಖ್ಯೆ ಸಿಗುತ್ತದೆ. ಗೇಟ್‌ವೇ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ 2020ರ ಮಾರ್ಚಿನಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳಿತ್ತು: ಗ್ರಾಹಕರು ಬೇರೆ ರೀತಿಗೆ ಒಪ್ಪದ ಹೊರತು ವಾಪಸಾತಿ ಮೂಲ ಪಾವತಿಯ ದಾರಿಯಲ್ಲೇ ಆಗಬೇಕು.

ಡ್ಯಾಶ್‌ಬೋರ್ಡಿನಿಂದಲೇ ಕೊಡಿ ಎನ್ನಲು ಇನ್ನೊಂದು ಕಾರಣ ಮೋಸಗಾರರು. 'ಲಿಂಕ್ ಅವಧಿ ಮುಗಿದಿತ್ತು, ಆದರೂ ದುಡ್ಡು ಕಟ್ಟಾಗಿದೆ, ವಾಪಸ್ ಹಾಕಿ' ಎಂದು ಸ್ಕ್ರೀನ್‌ಶಾಟ್ ಕಳುಹಿಸುವವರಲ್ಲಿ ಎಲ್ಲರೂ ದಾವಣಗೆರೆಯ ದಂಪತಿಯಂಥವರಲ್ಲ. ಹಸಿರು ಟಿಕ್ ಇರುವ ಚಿತ್ರವನ್ನು ತಿದ್ದುವುದು ಸುಲಭ. ಅದರಲ್ಲಿರುವ 12 ಅಂಕಿಗಳನ್ನು ಡ್ಯಾಶ್‌ಬೋರ್ಡಿನಲ್ಲಿ ಹುಡುಕಿ, ಸಿಗದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಬಾರದ ಪಾವತಿಯ ಮೇಲೆ ರೀಫಂಡ್ ಒತ್ತುವ ಗುಂಡಿಯೇ ಇರುವುದಿಲ್ಲ.

ಈಗ ಬ್ಯಾಂಕ್ ಖಾತೆಯ ಕಡೆ ಬರೋಣ, ತಾಳೆ ನೋಡುವ ಕೆಲಸ ನಡೆಯುವುದು ಅಲ್ಲಿ. ಗೇಟ್‌ವೇ ಮೂಲಕ ಬಂದ ದುಡ್ಡು ಒಂದೊಂದಾಗಿ ವ್ಯಾಪಾರಿಯ ಖಾತೆಗೆ ಬರುವುದಿಲ್ಲ. ಅದು ಮೊದಲು ಗೇಟ್‌ವೇಯ ಎಸ್ಕ್ರೋ ಖಾತೆಗೆ ಸೇರುತ್ತದೆ, ಅಲ್ಲಿಂದ ಸಾಮಾನ್ಯವಾಗಿ ಮುಂದಿನ ಕೆಲಸದ ದಿನ ಎಲ್ಲವನ್ನೂ ಕೂಡಿಸಿ ಒಂದೇ ಗಂಟಾಗಿ ವ್ಯಾಪಾರಿಗೆ ಬರುತ್ತದೆ. ಇದಕ್ಕೆ ಸೆಟ್ಲ್‌ಮೆಂಟ್ ಎನ್ನುತ್ತಾರೆ. ಗೇಟ್‌ವೇ ಶುಲ್ಕ ಇದ್ದರೆ ಅದನ್ನೂ ಅದರ ಮೇಲಿನ 18% ಜಿಎಸ್‌ಟಿಯನ್ನೂ ಮುರಿದುಕೊಂಡೇ ಕಳುಹಿಸುತ್ತಾರೆ. ನಮ್ಮ ಲೆಕ್ಕ ಸರಳವಾಗಿರಲಿ, ಶುಲ್ಕವನ್ನು ಬದಿಗಿಡೋಣ.

ಶುಕ್ರವಾರ ಒಡತಿಗೆ ಬಂದದ್ದು ಮೂರು ಪಾವತಿ. ಮುಂದಿನ ತಿಂಗಳ ಬುಕಿಂಗ್‌ಗೆ ಬೆಳಿಗ್ಗೆ ಬಂದ ಮುಂಗಡ 3,500, ಬೆಂಗಳೂರಿನವರ 9,000, ದಾವಣಗೆರೆಯವರ ತಡವಾದ 9,000. ಒಟ್ಟು 21,500. ಶನಿವಾರ ಬೆಳಿಗ್ಗೆ ಅವರು ಡ್ಯಾಶ್‌ಬೋರ್ಡಿನಿಂದ 9,000 ವಾಪಸ್ ಮಾಡಿದರು. ಸೋಮವಾರ ಬ್ಯಾಂಕ್ ಖಾತೆಗೆ ಬಂದದ್ದು 12,500 ರೂಪಾಯಿಯ ಒಂದೇ ಸಾಲು. ಅದರಲ್ಲಿ ದಾವಣಗೆರೆಯ ದುಡ್ಡು ಬಂದದ್ದೂ ಕಾಣುವುದಿಲ್ಲ, ಹೋದದ್ದೂ ಕಾಣುವುದಿಲ್ಲ. ಗೇಟ್‌ವೇಯ ಸೆಟ್ಲ್‌ಮೆಂಟ್ ವರದಿ ಇಳಿಸಿಕೊಂಡರೆ ಮಾತ್ರ ಮೂರು ಜಮೆ, ಒಂದು ಖರ್ಚು ಬಿಡಿಬಿಡಿಯಾಗಿ ಸಿಗುತ್ತವೆ. ಬುಕಿಂಗ್ ಪುಸ್ತಕದ 3,500 ಮತ್ತು 9,000 ಕೂಡಿದರೆ 12,500. ತಾಳೆಯಾಯಿತು.

ಇದೇ ವಾಪಸಾತಿಯನ್ನು ಅವರು ತಮ್ಮ ಫೋನಿನಿಂದ ಮಾಡಿದ್ದರೆ ಸೋಮವಾರ 21,500 ಬರುತ್ತಿತ್ತು. ಪುಸ್ತಕಕ್ಕಿಂತ 9,000 ಹೆಚ್ಚು. ಆ 9,000 ಮನೆಯ ಖಾತೆಯಿಂದ ಹೋದದ್ದಕ್ಕೆ ಸರಿಹೊಂದುತ್ತದೆ ಎಂದು ಇವತ್ತು ಒಡತಿಗೆ ನೆನಪಿರುತ್ತದೆ. ಮಾರ್ಚ್ ತಿಂಗಳಲ್ಲಿ ಹಾಸನದ ಅಕೌಂಟೆಂಟ್ 'ಇದು ಯಾವ ಜಮೆ ಮೇಡಂ?' ಎಂದು ಕೇಳಿದಾಗ ನೆನಪಿರುತ್ತದೆಯೇ?

ಇಲ್ಲಿ ಎಲ್ಲರನ್ನೂ ಗೊಂದಲಕ್ಕೆ ಕೆಡವುವ ಸಂಗತಿಯೊಂದಿದೆ. ಗಂಟಾಗಿ ಬಂದ 12,500ಕ್ಕೂ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಒಂದು ಯುಟಿಆರ್ ಸಂಖ್ಯೆ ಇರುತ್ತದೆ. ಅದು ಗೇಟ್‌ವೇ ವ್ಯಾಪಾರಿಗೆ ಕಳುಹಿಸಿದ ವರ್ಗಾವಣೆಯ ಸಂಖ್ಯೆ. ಗ್ರಾಹಕರ ಆ್ಯಪ್‌ನಲ್ಲಿರುವ 12 ಅಂಕಿಯ ಯುಟಿಆರ್ ಅವರು ಗೇಟ್‌ವೇಗೆ ಕೊಟ್ಟದ್ದರದು. ಗ್ರಾಹಕರು ಹೇಳಿದ ಸಂಖ್ಯೆಯನ್ನು ವ್ಯಾಪಾರಿ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಹುಡುಕಿ, ಸಿಗದೆ, 'ನಿಮ್ಮ ದುಡ್ಡು ಬಂದೇ ಇಲ್ಲ' ಎನ್ನುತ್ತಾರೆ. ಆ ಸಂಖ್ಯೆ ಅಲ್ಲಿ ಎಂದೂ ಸಿಗುವುದಿಲ್ಲ. ಹುಡುಕಬೇಕಾದ ಜಾಗ ಗೇಟ್‌ವೇಯ ವರದಿ.

ಸೆಟ್ಲ್‌ಮೆಂಟ್ ಆದ ಮೇಲೆ ವಾಪಸ್ ಕೊಡುವುದಾದರೆ ಇನ್ನೊಂದು ತೊಡಕು. ಗೇಟ್‌ವೇ ಆ ದುಡ್ಡನ್ನು ಮುಂದಿನ ಪಾವತಿಗಳಿಂದ ಮುರಿದುಕೊಳ್ಳುತ್ತದೆ. ಮಳೆಗಾಲದ ಮಧ್ಯದ ವಾರದಲ್ಲಿ ಹೋಮ್‌ಸ್ಟೇಗೆ ಯಾವ ಪಾವತಿಯೂ ಬಾರದಿದ್ದರೆ ಮುರಿದುಕೊಳ್ಳಲು ಏನೂ ಇರುವುದಿಲ್ಲ. ರೀಫಂಡ್ ಬಾಕಿ ಎಂದು ತೋರಿಸುತ್ತಾ ನಿಲ್ಲುತ್ತದೆ, ಅಥವಾ ಗೇಟ್‌ವೇ ಖಾತೆಗೆ ದುಡ್ಡು ತುಂಬಿ ಎಂಬ ಸಂದೇಶ ಬರುತ್ತದೆ. ಕೊಟ್ಟಿದ್ದೇವೆ ಎಂದು ಒಡತಿ ನಂಬಿರುತ್ತಾರೆ, ಬಂದಿಲ್ಲ ಎಂದು ಗ್ರಾಹಕರು ಜಗಳವಾಡುತ್ತಾರೆ, ಇಬ್ಬರೂ ಹೇಳುವುದು ಸರಿಯೇ. ತಡವಾದ ಪಾವತಿಯನ್ನು ಮಾರನೆಯ ಬೆಳಿಗ್ಗೆಯೇ ನೋಡಿ ಮುಗಿಸಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಇಲ್ಲಿಯವರೆಗೆ ನೋಡಿದ್ದು ಗ್ರಾಹಕರು ನಿಜವಾಗಿಯೂ ತಡ ಮಾಡಿದ ಸಂಗತಿ. ಸಮಯವನ್ನು ನೆಚ್ಚಬಾರದು ಎಂದಿದ್ದೆನಲ್ಲ, ಅದಕ್ಕೆ ಕಾರಣ ಇನ್ನೊಂದು ಬಗೆಯ ತಡ. ಅಲ್ಲಿ ಗ್ರಾಹಕರು ಅವಧಿಯೊಳಗೇ ಪಿನ್ ಒತ್ತಿರುತ್ತಾರೆ, ತಡವಾಗುವುದು ಬ್ಯಾಂಕುಗಳ ನಡುವೆ. ಯುಪಿಐ ಪಾವತಿಯಲ್ಲಿ ಕೊಡುವವರ ಬ್ಯಾಂಕ್, ಪಡೆಯುವವರ ಬ್ಯಾಂಕ್, ನಡುವೆ ರಾಷ್ಟ್ರೀಯ ಪಾವತಿ ನಿಗಮದ ಸ್ವಿಚ್ ಇರುತ್ತವೆ. ಕೊಡುವವರ ಖಾತೆಯಿಂದ ದುಡ್ಡು ಕಡಿತವಾಗಿ, ಪಡೆಯುವ ಬ್ಯಾಂಕಿನಿಂದ ಸಮಯಕ್ಕೆ ಸರಿಯಾಗಿ ಉತ್ತರ ಬಾರದೇ ಹೋದರೆ ಆ್ಯಪ್‌ನಲ್ಲಿ ಪೆಂಡಿಂಗ್ ಎಂದು ಕಾಣಿಸುತ್ತದೆ. ಈ ಸ್ಥಿತಿಯ ವ್ಯವಹಾರವನ್ನು ಬ್ಯಾಂಕಿನವರು ಡೀಮ್ಡ್ ಎನ್ನುತ್ತಾರೆ. ಪಡೆಯುವ ಬ್ಯಾಂಕ್ ಆಮೇಲೆ ತನ್ನ ಪುಸ್ತಕ ನೋಡಿ ಎರಡರಲ್ಲಿ ಒಂದನ್ನು ಹೇಳಬೇಕು: ಜಮೆಯಾಗಿದೆ ಎಂದು ಖಚಿತಪಡಿಸಬೇಕು, ಇಲ್ಲವೇ ದುಡ್ಡನ್ನು ಹಿಂದಕ್ಕೆ ಕಳುಹಿಸಬೇಕು. ಮೊದಲನೆಯದಕ್ಕೆ ಟಿಸಿಸಿ, ಎರಡನೆಯದಕ್ಕೆ ರಿಟರ್ನ್ ಎಂದು ಹೆಸರು.

ವ್ಯಾಪಾರಿಯ ಪರದೆಯಲ್ಲಿ ಇದು ವಿಚಿತ್ರವಾಗಿ ಕಾಣುತ್ತದೆ. 8.28ಕ್ಕೆ ಒತ್ತಿದ ಪಾವತಿ ಮೊದಲು ವಿಫಲ ಎಂದು ತೋರಿಸಿ, ಒಂದು ಗಂಟೆಯ ಮೇಲೋ ಮರುದಿನವೋ ಯಶಸ್ವಿ ಎಂದು ಬದಲಾಗಬಹುದು. ವ್ಯಾಪಾರಿಗೆ ವಿಷಯ ತಿಳಿದ ಸಮಯವನ್ನೇ ಪಾವತಿಯ ಸಮಯ ಎಂದುಕೊಂಡರೆ ಅವಧಿಯೊಳಗೆ ಕಟ್ಟಿದ ಗ್ರಾಹಕರನ್ನು ತಡ ಮಾಡಿದವರ ಸಾಲಿಗೆ ತಳ್ಳಿದಂತಾಗುತ್ತದೆ. ವರದಿಯಲ್ಲಿ ವ್ಯವಹಾರ ಶುರುವಾದ ಸಮಯ, ಜಮೆ ಖಚಿತವಾದ ಸಮಯ ಎಂದು ಬೇರೆ ಬೇರೆ ಕಲಂ ಇದ್ದರೆ ಎರಡನ್ನೂ ನೋಡಬೇಕು. ಸರಕು ಕೈತಪ್ಪಿದ್ದರೆ ಇವರಿಗೂ ದುಡ್ಡು ವಾಪಸ್ಸೇ, ಆದರೆ ಅವರೊಡನೆ ಮಾತಾಡುವ ಧಾಟಿ ಬೇರೆ ಇರಬೇಕು. ತತ್ಕಾಲ್ ಟಿಕೆಟ್ಟಿಗೆ ದುಡ್ಡು ಕಡಿತವಾಗಿ ಟಿಕೆಟ್ ಬಾರದೆ, ದುಡ್ಡು ತಾನಾಗಿ ವಾಪಸ್ ಬರುವುದನ್ನು ಕಂಡವರಿಗೆ ಇದರ ಪರಿಚಯವಿದೆ.

ಕೊಟ್ಟವರ ಹಕ್ಕಿನ ವಿಚಾರದಲ್ಲೂ ಈ ಎರಡು ತಡಗಳು ಬೇರೆ ಬೇರೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ಖಾತೆಯಿಂದ ದುಡ್ಡು ಹೋಗಿ ವ್ಯಾಪಾರಿಗೆ ಖಚಿತತೆ ಸಿಗದಿದ್ದರೆ ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ದುಡ್ಡು ತಾನಾಗಿ ಹಿಂದಕ್ಕೆ ಬರಬೇಕು. ಅದು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ವರ್ಗಾವಣೆಗೆ ಈ ಗಡುವು ಒಂದೇ ದಿನ. ಆದರೆ ಇದು ವಿಫಲವಾದ ವ್ಯವಹಾರಗಳಿಗೆ ಮಾಡಿದ ನಿಯಮ. ದಾವಣಗೆರೆಯವರ ಪಾವತಿ ವಿಫಲವಾಗಿಲ್ಲ, ಚೆನ್ನಾಗಿಯೇ ಹೋಗಿ ಸೇರಿದೆ. ಅವರು ಬ್ಯಾಂಕಿಗೆ ಹೋಗಿ ದಿನಕ್ಕೆ ನೂರು ರೂಪಾಯಿ ಕೇಳಿದರೆ ಸಿಗುವುದಿಲ್ಲ. ದುಡ್ಡು ಇರುವುದು ವ್ಯಾಪಾರಿಯ ಬಳಿ, ಕೇಳಬೇಕಾದದ್ದೂ ಅವರನ್ನೇ.

ಯಾರನ್ನು ಕೇಳಬೇಕು ಎಂಬುದನ್ನು ನಮ್ಮ ಆ್ಯಪ್‌ನ ಇತಿಹಾಸವೇ ಹೇಳುತ್ತದೆ. ಯಶಸ್ವಿ ಎಂದಿದ್ದರೆ 12 ಅಂಕಿಗಳನ್ನೂ ಬುಕಿಂಗ್ ನಂಬರನ್ನೂ ವ್ಯಾಪಾರಿಗೆ ಕಳುಹಿಸಿ. ಪೆಂಡಿಂಗ್ ಎಂದಿದ್ದರೆ ಕಾಯಿರಿ, ಹೊಸ ಲಿಂಕ್ ಕೇಳಿ ಮತ್ತೆ ಕಟ್ಟಲು ಹೋಗಬೇಡಿ. ಮೊದಲನೆಯದೂ ಆಮೇಲೆ ಸೇರಿಕೊಂಡರೆ ಒಂದೇ ಬುಕಿಂಗ್‌ಗೆ ಎರಡು ಸಲ ದುಡ್ಡು ಹೋಗಿರುತ್ತದೆ. ವಿಫಲ ಎಂದಿದ್ದೂ ಖಾತೆಯಿಂದ ಹೋಗಿದ್ದರೆ ಮೇಲಿನ ಐದು ದಿನದ ಲೆಕ್ಕ ಶುರುವಾಗುತ್ತದೆ, ಆ್ಯಪ್‌ನಲ್ಲಿ ಅದೇ ವ್ಯವಹಾರದ ಮೇಲೆ ಒತ್ತಿ ದೂರು ದಾಖಲಿಸಬಹುದು.

ವ್ಯಾಪಾರಿಗಳ ಕಡೆಯಿಂದ ಈ ತಾಪತ್ರಯವನ್ನು ಬಹಳಮಟ್ಟಿಗೆ ತಗ್ಗಿಸುವ ಉಪಾಯ ಒಂದಿದೆ, ಅದಕ್ಕೆ ಖರ್ಚಿಲ್ಲ. ಲಿಂಕ್‌ನ ಅವಧಿ ಮತ್ತು ಕೋಣೆ ತಡೆದಿಡುವ ಅವಧಿ ಒಂದೇ ಆಗಿರಬಾರದು. ಲಿಂಕ್ 8.30ಕ್ಕೆ ಮುಚ್ಚಿದರೆ ಕೋಣೆಯನ್ನು 8.45ರವರೆಗೆ ಯಾರಿಗೂ ಕೊಡದೆ ಹಿಡಿದಿಡಬೇಕು. ನಮ್ಮ ಉದಾಹರಣೆಯಲ್ಲಿ ಇಷ್ಟು ಮಾಡಿದ್ದರೆ 8.41ರ ದುಡ್ಡಿಗೆ ಕೋಣೆ ಸಿಗುತ್ತಿತ್ತು, 8.34ಕ್ಕೆ ಕೇಳಿದವರಿಗೆ ಹತ್ತು ನಿಮಿಷ ಬಿಟ್ಟು ಹೇಳುತ್ತೇವೆ ಎನ್ನಬಹುದಿತ್ತು. ಈ ಹೆಚ್ಚುವರಿ ಕಾಲು ಗಂಟೆಯನ್ನು ಗ್ರಾಹಕರಿಗೆ ಹೇಳಬಾರದು, ಹೇಳಿದರೆ ಎಲ್ಲರೂ ಅದನ್ನೇ ಗಡುವು ಮಾಡಿಕೊಳ್ಳುತ್ತಾರೆ. ಮರುದಿನ ತಲುಪುವ ಪಾವತಿಗೆ ಈ ಉಪಾಯದಿಂದ ಏನೂ ಆಗದು. ಅಷ್ಟು ಹೊತ್ತು ಯಾರೂ ಕೋಣೆ ಖಾಲಿ ಇಡಲಾರರು.

ಇನ್ನು ತಿಂಗಳ ಕೊನೆಯ ರಾತ್ರಿಯ ಪಾವತಿಗಳದ್ದೊಂದು ಕಿರಿಕಿರಿ. 31ರ ರಾತ್ರಿ 11.58ಕ್ಕೆ ಕಟ್ಟಿದ್ದು 12 ಗಂಟೆ ದಾಟಿ ಖಚಿತವಾದರೆ, ಬುಕಿಂಗ್ ಪುಸ್ತಕದಲ್ಲಿ ಒಂದು ತಿಂಗಳು, ಗೇಟ್‌ವೇ ವರದಿಯಲ್ಲಿ ಇನ್ನೊಂದು ತಿಂಗಳು ಕಾಣುತ್ತದೆ. ತಾರೀಖಿಗೆ ತಾರೀಖು ಹೊಂದಿಸಲು ಕೂತವರಿಗೆ ಒಂದು ಕಡೆ ಕಡಿಮೆ, ಒಂದು ಕಡೆ ಹೆಚ್ಚು. ಅನುಭವಸ್ಥ ಅಕೌಂಟೆಂಟರು ಮೊದಲು ಉಲ್ಲೇಖ ಸಂಖ್ಯೆಗಳನ್ನು ಹೊಂದಿಸಿ, ಉಳಿದದ್ದನ್ನು ಮುಂದಿನ ಮೂರು ದಿನದ ವರದಿಯಲ್ಲಿ ಹುಡುಕಿ, ಆಮೇಲಷ್ಟೇ ವ್ಯತ್ಯಾಸ ಎಂದು ಬರೆಯುತ್ತಾರೆ.

ದಾವಣಗೆರೆಯ ಕಥೆ ಶನಿವಾರಕ್ಕೆ ಮುಗಿಯಿತು ಎಂದುಕೊಳ್ಳಬೇಡಿ. ಇಂಥ ಪ್ರಸಂಗಗಳಲ್ಲಿ ಎರಡು ಮೂರು ದಿನ ಬಿಟ್ಟು ಇನ್ನೊಂದು ಫೋನ್ ಬರುತ್ತದೆ.

'ಮೇಡಂ, ರೀಫಂಡ್ ಮಾಡಿದೀನಿ ಅಂದ್ರಿ, ನನ್ನ ಅಕೌಂಟಿಗೆ ಒಂದು ರೂಪಾಯಿನೂ ಬಂದಿಲ್ಲ.'

'ಸರ್, ನಿಮ್ಮ ಅಕೌಂಟಿಗೆ ಯಾಕೆ ಬರುತ್ತೆ? ಕಟ್ಟಿದ್ದು ನಿಮ್ಮ ಮನೆಯವರಲ್ವಾ? ಅವರ ಅಕೌಂಟ್ ನೋಡ್ಕೊಳ್ಳೋಕೆ ಹೇಳಿ. ರೀಫಂಡ್ ನಂಬರ್ ವಾಟ್ಸ್ಆ್ಯಪ್ ಮಾಡಿದೀನಿ, ಬ್ಯಾಂಕಲ್ಲಿ ಅದನ್ನೇ ಕೊಟ್ಟು ಕೇಳಿ.'